ಅವರಿಗೆ ನಾನು ಗೊತ್ತೇ?



ಇವತ್ತಿನ ಚಿಂತನೆ ಸ್ವಲ್ಪ ಉದ್ದವಿದೆ. ಬಸ್ಸಿನಲ್ಲಿ ಕೂತಾಗಲೋ ರಾತ್ರಿ ಊಟವಾದ ಮೇಲೋ ನಿಧಾನವಾಗಿ ಓದಿ. ಮನೆಯಲ್ಲಿ ಕೆಲಸ ಹುಡುಕುತ್ತಿರುವ ಮಕ್ಕಳಿದ್ದರೆ ಅವರಿಗೂ ಓದಿಸಿ.

ಹೋದ ತಿಂಗಳು ನಮ್ಮ ಬೀದಿಯ ಹುಡುಗನೊಬ್ಬ ಸಂಜೆ ಹೊತ್ತಿಗೆ ಮುಖ ಸಣ್ಣದು ಮಾಡಿಕೊಂಡು ಮನೆಗೆ ಬಂದ. ಎಂಜಿನಿಯರಿಂಗ್ ಮುಗಿಸಿ ಒಂದು ವರ್ಷವಾಗಿದೆ. ಅವರ ಮನೆಯಲ್ಲಿ ಡಿಗ್ರಿ ಕಂಡವನು ಇವನೇ ಮೊದಲಿಗ. "ಅಣ್ಣಾ, ಒಂದು ತಪ್ಪಾಗಿಬಿಟ್ಟಿದೆ" ಅಂತ ಫೋನ್ ಕೈಗೆ ಕೊಟ್ಟ. ಒಂದು ಕಂಪನಿಯ ಮ್ಯಾನೇಜರಿಗೆ ಅವನು ಕಳಿಸಿದ್ದ ಮೆಸೇಜು ಅದರಲ್ಲಿತ್ತು. ನಮ್ಮ ಸಮುದಾಯದ ಹಿರಿಯ ಎಂಜಿನಿಯರ್ ಒಬ್ಬರ ಹೆಸರು ಹೇಳಿ ಹೀಗೆ ಬರೆದಿದ್ದ: "ಸರ್ ನನಗೆ ತುಂಬಾ ಆತ್ಮೀಯರು, ನಮ್ಮ ಮನೆಯವರಿದ್ದ ಹಾಗೆ. ನಿಮ್ಮನ್ನು ಸಂಪರ್ಕಿಸು ಅಂತ ಅವರೇ ಹೇಳಿದ್ದಾರೆ. ರೆಸ್ಯೂಮೆ ಕಳಿಸಿದ್ದೇನೆ, ದಯವಿಟ್ಟು ನೋಡಿ."

ನಡೆದದ್ದು ಇಷ್ಟೇ. ಆ ಹಿರಿಯರು ಒಂದು ಭಾನುವಾರ ವಿಹಾರದಲ್ಲಿ ಕೆಲಸದ ತಯಾರಿಯ ಬಗ್ಗೆ ಮಾತಾಡಿದ್ದರು. ಟೀ ಕುಡಿಯುವಾಗ ಇವನು ಹತ್ತಿರ ಹೋಗಿ ಸಾಫ್ಟ್‌ವೇರ್ ಟೆಸ್ಟಿಂಗ್ ಬಗ್ಗೆ ಒಂದು ಪ್ರಶ್ನೆ ಕೇಳಿದ. ಐದು ನಿಮಿಷ ನಿಂತು ಉತ್ತರ ಹೇಳಿ, "ಏನಾದರೂ ಬೇಕಿದ್ದರೆ ಮೆಸೇಜ್ ಮಾಡಪ್ಪ" ಅಂತ ನಂಬರ್ ಕೊಟ್ಟಿದ್ದರು. ಮೂರು ತಿಂಗಳು ಇವನು ಒಂದು ಮೆಸೇಜನ್ನೂ ಮಾಡಲಿಲ್ಲ. ಆಮೇಲೆ ಒಂದು ಕಂಪನಿಯಲ್ಲಿ ಕೆಲಸ ಖಾಲಿ ಇರುವುದು ಕಂಡಿತು. ಅಲ್ಲಿನ ಮ್ಯಾನೇಜರ್ ಈ ಹಿರಿಯರಿಗೆ ಲಿಂಕ್ಡ್‌ಇನ್‌ನಲ್ಲಿ ಪರಿಚಯ ಅಂತಲೂ ಕಂಡಿತು. ಮೆಸೇಜು ಹೋಯಿತು.

ಆ ಕಡೆ ಆದದ್ದು ಹತ್ತು ನಿಮಿಷದ ಕೆಲಸ. ಮ್ಯಾನೇಜರ್ ಆ ಮೆಸೇಜಿನ ಸ್ಕ್ರೀನ್‌ಶಾಟ್ ತೆಗೆದು ಹಿರಿಯರಿಗೇ ಕಳಿಸಿ, "ಈ ಹುಡುಗ ನಿಮಗೆ ಗೊತ್ತಾ?" ಅಂತ ಕೇಳಿದ್ದಾರೆ. ಅವರು ಎಷ್ಟೋ ಕಡೆ ಮಾತಾಡುತ್ತಾರೆ, ಎಷ್ಟೋ ಮಕ್ಕಳಿಗೆ ನಂಬರ್ ಕೊಟ್ಟಿರುತ್ತಾರೆ. "ಹೆಸರು ನೆನಪಿಗೆ ಬರುತ್ತಿಲ್ಲ. ನಾನು ಯಾರಿಗೂ ಹೇಳಿ ಕಳಿಸಿಲ್ಲ" ಅಂತ ಇದ್ದದ್ದನ್ನು ಇದ್ದ ಹಾಗೆ ಉತ್ತರಿಸಿದರು. ಮ್ಯಾನೇಜರ್ ಆ ರೆಸ್ಯೂಮೆಯನ್ನು ತೆರೆದೇ ನೋಡಲಿಲ್ಲ. ಹಿರಿಯರಿಂದ ಹುಡುಗನಿಗೆ ಒಂದು ಸಾಲು ಬಂತು: "ನನ್ನ ಹೆಸರನ್ನು ಯಾಕೆ ಬಳಸಿದೆಯಪ್ಪ?"

ಇದನ್ನು ಓದಿ ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ನನ್ನ ಹಳೆಯ ಕಥೆ ನೆನಪಾಯಿತು. ಕಾಲೇಜು ಸೇರುವಾಗ ಹಾಸ್ಟೆಲ್ ಸೀಟಿಗಾಗಿ ಒಂದು ಕಚೇರಿಗೆ ಹೋಗಿದ್ದೆ. ಎರಡು ದಿನ ಯಾರೂ ತಿರುಗಿ ನೋಡಲಿಲ್ಲ. ಮೂರನೆಯ ದಿನ ಧೈರ್ಯ ಮಾಡಿ, "ಶಾಸಕರು ನನಗೆ ಗೊತ್ತು" ಅಂದೆ. ಗುಮಾಸ್ತರು ಕನ್ನಡಕದ ಮೇಲಿಂದ ನೋಡಿ, "ಸರಿ, ಶಾಸಕರಿಗೆ ನೀನು ಗೊತ್ತೇನಪ್ಪ?" ಅಂತ ಕೇಳಿ ಫೋನಿನ ಕಡೆ ಕೈ ಚಾಚಿದರು. ಶಾಸಕರು ನಮ್ಮೂರಿಗೆ ವೋಟು ಕೇಳಲು ಬಂದಾಗ ನಾನು ಜೀಪಿನ ಪಕ್ಕ ನಿಂತಿದ್ದೆ, ಅಷ್ಟೇ ಇದ್ದದ್ದು. "ಬೇಡ ಸಾರ್" ಅಂದು ಹೊರಗೆ ಬಂದೆ.

ಆ ಗುಮಾಸ್ತರು ಅವತ್ತು ನನ್ನನ್ನು ನೋಯಿಸಿದರು, ನಿಜ. ಆದರೆ ಅವರ ಪ್ರಶ್ನೆಯನ್ನು ನಾನು ಇವತ್ತಿಗೂ ಬಿಟ್ಟಿಲ್ಲ. ನಮ್ಮ ಮಾತಿನಲ್ಲಿ 'ಗೊತ್ತು' ಅನ್ನುವ ಪದ ಎರಡು ಕೆಲಸ ಮಾಡುತ್ತದೆ. "ನನಗೆ ಅವರು ಗೊತ್ತು" ಅಂದರೆ ಅವರ ಬಗ್ಗೆ ನನಗೆ ತಿಳಿದಿದೆ ಅಂತಲೂ ಆಗುತ್ತದೆ, ನಮ್ಮಿಬ್ಬರಿಗೂ ಪರಿಚಯವಿದೆ ಅಂತಲೂ ಆಗುತ್ತದೆ. ಹೇಳುವವನು ಮೊದಲನೆಯ ಅರ್ಥದಲ್ಲಿ ನಿಂತುಕೊಂಡು, ಕೇಳುವವನು ಎರಡನೆಯದನ್ನು ಹಿಡಿಯಲಿ ಅಂತ ಬಿಟ್ಟುಬಿಡುತ್ತಾನೆ. 'ಪರಿಚಯದವರು', 'ನಮ್ಮವರೇ', 'ತುಂಬಾ ಬೇಕಾದವರು' ಇವೆಲ್ಲ ಇದೇ ರೀತಿ ಜಾರುವ ಮಾತುಗಳು. ಇವುಗಳಲ್ಲಿ ಸುಳ್ಳು ಎಲ್ಲಿ ಶುರುವಾಯಿತು ಅಂತ ಹೇಳಿದವನಿಗೂ ಗೊತ್ತಾಗುವುದಿಲ್ಲ. ವಾಕ್ಯವನ್ನು ತಿರುಗಿಸಿ ನೋಡಿದರೆ ಗೊತ್ತಾಗುತ್ತದೆ: "ಅವರಿಗೆ ನಾನು ಗೊತ್ತು." ಇದು ನಿಲ್ಲುತ್ತದೆಯೋ ಇಲ್ಲವೋ? ಈಗಲೇ ಯಾರಾದರೂ ಫೋನ್ ಮಾಡಿ ಕೇಳಿದರೆ ನನ್ನ ಬಗ್ಗೆ ಅವರು ಏನು ಹೇಳುತ್ತಾರೆ? ಅವರು ಹೇಳುವಷ್ಟು ಮಾತ್ರ ನಾನು ಹೇಳಬಹುದು.

ಮುಸಾವಾದದಿಂದ ದೂರವಿರುತ್ತೇನೆ ಅಂತ ನಾವು ಪ್ರತಿ ಭಾನುವಾರ ಶೀಲ ತೆಗೆದುಕೊಳ್ಳುತ್ತೇವೆ. ಆದರೆ ಇಂಥ ಉಬ್ಬಿಸಿದ ಮಾತನ್ನು ಯಾರೂ ಸುಳ್ಳಿನ ಲೆಕ್ಕಕ್ಕೆ ಹಿಡಿಯುವುದಿಲ್ಲ. "ಹೊಟ್ಟೆಪಾಡಿಗೆ ಒಂದು ಮಾತು ಹೆಚ್ಚು ಹೇಳಿದರೆ ಏನಾಯಿತು, ಯಾರಿಗೆ ಅನ್ಯಾಯ ಆಯಿತು" ಅನ್ನುತ್ತಾರೆ. ಈ ಪ್ರಶ್ನೆಗೆ ವಿನಯ ಪಿಟಕದಲ್ಲೇ ಒಂದು ಪ್ರಸಂಗವಿದೆ. ನಾವು ಅದನ್ನು ಹೆಚ್ಚು ಓದುವುದಿಲ್ಲ.

ವಜ್ಜಿ ನಾಡಿನಲ್ಲಿ ಬರಗಾಲ. ಭಿಕ್ಷೆ ಸಿಗುವುದೇ ಕಷ್ಟ. ವಗ್ಗುಮುದಾ ನದಿಯ ದಡದಲ್ಲಿ ವರ್ಷಾವಾಸಕ್ಕೆ ನಿಂತಿದ್ದ ಭಿಕ್ಖುಗಳು ಕೂತು ಯೋಚಿಸಿದರು. ಕೊನೆಗೆ ಒಂದು ಉಪಾಯ ಹೂಡಿದರು. ಗೃಹಸ್ಥರ ಮುಂದೆ ಒಬ್ಬರನ್ನೊಬ್ಬರು ಹೊಗಳುವುದು: ಇವರು ಇಂಥ ಧ್ಯಾನ ಪಡೆದವರು, ಅವರು ಇಂಥ ಫಲ ಪಡೆದವರು ಅಂತ. ಜನ ನಂಬಿದರು. ತಾವು ತಿನ್ನದೆ, ತಂದೆತಾಯಿಗೆ, ಹೆಂಡತಿ ಮಕ್ಕಳಿಗೆ ಕೊಡದೆ ಅವರಿಗೆ ಬಡಿಸಿದರು. ಮಳೆಗಾಲ ಕಳೆದು ಎಲ್ಲರೂ ವೇಸಾಲಿಗೆ ಬುದ್ಧರನ್ನು ಕಾಣಲು ಬಂದಾಗ ಉಳಿದ ಕಡೆಯ ಭಿಕ್ಖುಗಳು ಸೊರಗಿ ಕಡ್ಡಿಯಾಗಿದ್ದರು. ಈ ದಡದವರು ಮಾತ್ರ ಮೈ ಕೈ ತುಂಬಿಕೊಂಡಿದ್ದರು. ಹೇಗೆ ಅಂತ ವಿಚಾರಿಸಿದಾಗ ವಿಷಯ ಹೊರಬಂತು. ಬುದ್ಧರು ಅವರನ್ನು ಕಟುವಾಗಿ ಖಂಡಿಸಿದರು. ಇಲ್ಲದ ಸಿದ್ಧಿಯನ್ನು ಇದೆ ಎಂದು ಹೇಳಿ ಉಣ್ಣುವವನನ್ನು ಕಳ್ಳರಲ್ಲೇ ದೊಡ್ಡ ಕಳ್ಳ ಎಂದರು. ಸಂಘದಿಂದ ಹೊರಹಾಕುವ ನಾಲ್ಕು ಅಪರಾಧಗಳಲ್ಲಿ ನಾಲ್ಕನೆಯದು ಬಂದದ್ದು ಈ ಪ್ರಸಂಗದಿಂದ.

ನಾನು ಈ ಕಥೆಯಲ್ಲಿ ನೋಡುವುದು ಎರಡನ್ನು. ಅವರ ಹಸಿವು ನಿಜವಾಗಿತ್ತು. ಬರಗಾಲವೂ ನಿಜ. ಆದರೂ ಅದು ನೆಪವಾಗಲಿಲ್ಲ. ಯಾಕೆಂದರೆ ಅನ್ನ ಹೋದದ್ದು ಗೃಹಸ್ಥರ ಮಕ್ಕಳ ತಟ್ಟೆಯಿಂದ. ನಮ್ಮ ಹುಡುಗನ ಮೆಸೇಜಿಗೂ ಇದು ಹೊಂದುತ್ತದೆ. ಅವನ ಕಷ್ಟವೂ ನಿಜ. ತಲೆಮಾರಿನಿಂದ ದೊಡ್ಡ ಕುರ್ಚಿಯಲ್ಲಿ ಕೂತವರ ಮಕ್ಕಳಿಗೆ ಹೆಸರು ಹೇಳಬೇಕಾದ ಅಗತ್ಯವೇ ಬರುವುದಿಲ್ಲ. ಅವರ ಅಪ್ಪನ ಅಡ್ಡಹೆಸರೇ ಮೊದಲು ಒಳಗೆ ಹೋಗಿ ಕೂತಿರುತ್ತದೆ. ನಮ್ಮ ಮಕ್ಕಳಿಗೆ ಅದಿಲ್ಲ, ಆದ್ದರಿಂದಲೇ ಒಂದು ಹೆಸರನ್ನು ಎಳೆದು ಹಿಗ್ಗಿಸುವ ಆಸೆ ನಮ್ಮಲ್ಲಿ ಜಾಸ್ತಿ. ಆದರೆ ಬೆಲೆ ಕಟ್ಟುವವರು ಬೇರೆ. ಇನ್ನು ಮುಂದೆ ಆ ಹಿರಿಯರು ನಂಬರ್ ಕೊಡುವ ಮುಂಚೆ ಎರಡು ಸಲ ಯೋಚಿಸುತ್ತಾರೆ. ಮುಂದಿನ ವರ್ಷ ಅವರು ಒಬ್ಬ ಒಳ್ಳೆಯ ಹುಡುಗಿಯ ಬಗ್ಗೆ ಅದೇ ಮ್ಯಾನೇಜರಿಗೆ ಬರೆದರೆ, ಈ ಸ್ಕ್ರೀನ್‌ಶಾಟ್ ಅವರ ಮನಸ್ಸಿನ ಮೂಲೆಯಲ್ಲಿ ಇದ್ದೇ ಇರುತ್ತದೆ. ಆ ಹುಡುಗಿಗೆ ತನ್ನ ತಟ್ಟೆಯಿಂದ ಏನು ಹೋಯಿತು ಅಂತ ಎಂದೂ ತಿಳಿಯುವುದಿಲ್ಲ.

ಕೆಲವರು ಕೇಳಬಹುದು, ಸಿಕ್ಕಿಬೀಳದೆ ಇದ್ದಿದ್ದರೆ? ಸಿಕ್ಕಿಬೀಳದಿದ್ದರೂ ಪೂರ್ತಿ ಲಾಭವಿಲ್ಲ. 2009ರಲ್ಲಿ ಪ್ರಕಟವಾದ ಒಂದು ಮನೋವಿಜ್ಞಾನ ಅಧ್ಯಯನ ಇದನ್ನೇ ಪರೀಕ್ಷಿಸಿತು. ಟೆನಿಸ್ ಆಟಗಾರ ರೋಜರ್ ಫೆಡರರ್ ಹೆಸರನ್ನು ಪರಿಚಯದ ಮಾತಿನಲ್ಲಿ ಸೇರಿಸಿದವರ ಬಗ್ಗೆ ಓದುಗರಿಗೆ ಏನನ್ನಿಸುತ್ತದೆ ಅಂತ ನೋಡಿದರು. ಫೆಡರರ್ ಜೊತೆಗಿನ ನಂಟು ಹತ್ತಿರದ್ದು ಅಂತ ಹೇಳಿಕೊಂಡಷ್ಟೂ ಆ ವ್ಯಕ್ತಿಯ ಮೇಲಿನ ಇಷ್ಟವೂ ಕಡಿಮೆಯಾಯಿತು, ಅವನ ಸಾಮರ್ಥ್ಯದ ಮೇಲಿನ ನಂಬಿಕೆಯೂ ಕಡಿಮೆಯಾಯಿತು. ಕಾರಣ, ಇವನು ನನ್ನನ್ನು ಆಡಿಸಲು ನೋಡುತ್ತಿದ್ದಾನೆ ಅನ್ನುವ ಭಾವನೆ. ದೊಡ್ಡವರ ಹೆಸರಿನಿಂದ ಮಾತು ಶುರು ಮಾಡುವವನನ್ನು ಕಂಡಾಗ ನಮಗೂ ಹೀಗೇ ಅನ್ನಿಸುತ್ತದಲ್ಲವೇ? ಮದುವೆ ಮನೆಯಲ್ಲಿ ಮಂತ್ರಿಗಳ ಜೊತೆಗಿನ ಫೋಟೋ ತೋರಿಸುವ ನೆಂಟರನ್ನು ನೆನಪಿಸಿಕೊಳ್ಳಿ. ಆ ಫೋಟೋ ನಿಜವೇ ಇರುತ್ತದೆ.

ಹಾಗಾದರೆ ಪರಿಚಯವನ್ನು ಹೇಳಲೇಬಾರದೇ? ಹೇಳಬೇಕು. ಬಾಬಾಸಾಹೇಬರ ಬದುಕಿನಲ್ಲೇ ಅದು ಇದೆ. ಕೆಳೂಸ್ಕರ್ ಗುರೂಜಿ ಬಾಲಕ ಭೀಮರಾವ್ ಅವರನ್ನು ಕಂಡದ್ದು ಮುಂಬೈನ ಚರ್ನಿ ರೋಡ್ ಉದ್ಯಾನದಲ್ಲಿ. ಹುಡುಗ ಅಲ್ಲಿ ಕೂತು ಓದುವುದನ್ನು ಕಣ್ಣಾರೆ ಗಮನಿಸಿ ಮಾತಾಡಿಸಿದರು. 1907ರಲ್ಲಿ ಮೆಟ್ರಿಕ್ ಪಾಸಾದಾಗ ತಾವೇ ಬರೆದ ಬುದ್ಧ ಚರಿತ್ರೆಯನ್ನು ಕೊಟ್ಟರು. ಮುಂದೆ ಓದಿಗೆ ಹಣವಿಲ್ಲದಾಗ ಅವರೇ ಬರೋಡಾದ ಸಯಾಜಿರಾವ್ ಮಹಾರಾಜರ ಬಳಿ ಮಾತಾಡಿದರು. ಮಹಾರಾಜರು ಹುಡುಗನನ್ನು ಕರೆಸಿ, ತಾವೇ ಕೆಲವು ಪ್ರಶ್ನೆ ಕೇಳಿ, ಉತ್ತರ ಒಪ್ಪಿಗೆಯಾದ ಮೇಲೆ ತಿಂಗಳಿಗೆ 25 ರೂಪಾಯಿ ವಿದ್ಯಾರ್ಥಿವೇತನ ಕೊಟ್ಟರು. ಇಲ್ಲಿ ಹೆಸರು ಹೇಳಿದ್ದು ಯಾರು ನೋಡಿ. ಭೀಮರಾವ್ ಅವರು ಹೋಗಿ "ಕೆಳೂಸ್ಕರ್ ನನಗೆ ಬೇಕಾದವರು" ಅನ್ನಲಿಲ್ಲ. ಕಂಡವರು ಕಂಡದ್ದನ್ನು ಹೇಳಿದರು. ಬಾಗಿಲು ತೆರೆದದ್ದು ಪರಿಚಯ, ಒಳಗೆ ಉತ್ತರ ಹೇಳಿದ್ದು ಓದು.

ನಮ್ಮ ಮಕ್ಕಳು ಇನ್ನೊಂದು ವಿಷಯದಲ್ಲಿ ಸುಮ್ಮನೆ ಹೆದರುತ್ತಾರೆ. ಐದು ನಿಮಿಷದ ಪರಿಚಯ ಅಂತ ನಿಜ ಹೇಳಿದರೆ ಯಾರು ಬೆಲೆ ಕೊಡುತ್ತಾರೆ ಅನ್ನುವುದು ಅವರ ಅನುಮಾನ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್, ಬೋಸ್ಟನ್ ಹತ್ತಿರದ ನ್ಯೂಟನ್ ಎಂಬ ಊರಿನಲ್ಲಿ ಪರಿಚಯದವರ ಮೂಲಕ ಕೆಲಸ ಸಿಕ್ಕವರನ್ನು ವಿಚಾರಿಸಿದರು. ಫಲಿತಾಂಶ 1973ರಲ್ಲಿ ಪ್ರಕಟವಾಯಿತು. ಆ ಪರಿಚಯದವರನ್ನು ಪದೇ ಪದೇ ಭೇಟಿಯಾಗುತ್ತಿದ್ದವರು ನೂರಕ್ಕೆ ಸುಮಾರು 17 ಜನ ಮಾತ್ರ. ಸುಮಾರು 56 ಜನ ಆಗೊಮ್ಮೆ ಈಗೊಮ್ಮೆ ಕಾಣುತ್ತಿದ್ದವರು. ಉಳಿದ ಸುಮಾರು 28 ಜನ ವರ್ಷಕ್ಕೆ ಒಂದು ಸಲ ಕಂಡರೆ ಹೆಚ್ಚು ಅನ್ನುವವರು. ಕಾರಣ ಸರಳ. ಹತ್ತಿರದವರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ದೂರದವರು ಬೇರೆ ಜಾಗದಲ್ಲಿ ಓಡಾಡುತ್ತಾರೆ, ಅಲ್ಲಿನ ಸುದ್ದಿ ಅವರ ಬಳಿ ಇರುತ್ತದೆ. ಅದು ಅಮೆರಿಕ, ಅದು ಐವತ್ತು ವರ್ಷದ ಹಿಂದೆ, ಲೆಕ್ಕ ನಮಗೆ ಹಾಗೇ ಹೊಂದಬೇಕಿಲ್ಲ. ಆದರೂ ತೆಳುವಾದ ಪರಿಚಯವೂ ಕೆಲಸಕ್ಕೆ ಬರುತ್ತದೆ ಅನ್ನುವುದನ್ನು ಇದರಿಂದ ತಿಳಿಯಬಹುದು. ನಮ್ಮ ಹುಡುಗನ ಬಳಿ ಇದ್ದ ಐದು ನಿಮಿಷ ಸಾಕಾಗಿತ್ತು. ಅದನ್ನು ಐದು ವರ್ಷ ಮಾಡಲು ಹೋಗಿ ಇದ್ದದ್ದನ್ನೂ ಕಳೆದುಕೊಂಡ.

ಅವನು ಏನು ಮಾಡಬೇಕಿತ್ತು ಅಂತ ಅವತ್ತು ಇಬ್ಬರೂ ಕೂತು ಬರೆದೆವು. ಮೊದಲು ಹಿರಿಯರಿಗೆ ಬರೆಯಬೇಕಿತ್ತು, ಮ್ಯಾನೇಜರಿಗಲ್ಲ. ಆ ಮೆಸೇಜಿನಲ್ಲಿ ತಾನು ಯಾರು ಅನ್ನುವುದು ನೆನಪಾಗುವಂತೆ ಇರಬೇಕು. "ಜೈಭೀಮ್ ಸರ್. ವಿಹಾರದ ಕಾರ್ಯಕ್ರಮದಲ್ಲಿ ಟೀ ಹೊತ್ತಿಗೆ ಟೆಸ್ಟಿಂಗ್ ಬಗ್ಗೆ ಕೇಳಿದ್ದವನು ನಾನು. ನೀವು ಹೇಳಿದಂತೆ ಒಂದು ಪ್ರಾಜೆಕ್ಟ್ ಮಾಡಿದ್ದೇನೆ. ಇಂಥ ಕಂಪನಿಯ ಇಂಥ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದೇನೆ. ಅಲ್ಲಿನ ಮ್ಯಾನೇಜರ್ ನಿಮ್ಮ ಲಿಂಕ್ಡ್‌ಇನ್ ಪರಿಚಯದಲ್ಲಿದ್ದಾರೆ. ಅವರಿಗೆ ಬರೆಯುವಾಗ ನಿಮ್ಮ ಮಾತು ಕೇಳಿದ್ದೆ ಅಂತ ಹೇಳಬಹುದೇ? ಅವರು ನಿಮಗೆ ಅಷ್ಟು ಹತ್ತಿರದವರಲ್ಲದಿದ್ದರೆ, ಅಥವಾ ಬೇಡ ಅನ್ನಿಸಿದರೆ ದಯವಿಟ್ಟು ಹಾಗೇ ಹೇಳಿ ಸರ್."

ಕೊನೆಯ ಸಾಲು ಮುಖ್ಯ. ಲಿಂಕ್ಡ್‌ಇನ್‌ನಲ್ಲಿ ಇಬ್ಬರ ಹೆಸರು ಕೂಡಿ ಕಂಡರೆ ಅವರಿಬ್ಬರೂ ಸ್ನೇಹಿತರು ಅಂತಲ್ಲ. ಯಾರೋ ಒಬ್ಬರು ಗುಂಡಿ ಒತ್ತಿದರು, ಇನ್ನೊಬ್ಬರು ಒಪ್ಪಿದರು, ಅಷ್ಟೇ. ಅವರಿಬ್ಬರ ನಡುವೆ ಮನಸ್ತಾಪವೂ ಇರಬಹುದು. ಜೊತೆಗೆ 'ಇಲ್ಲ' ಅನ್ನಲು ಅವರಿಗೆ ಸುಲಭದ ದಾರಿ ಬೇಕು. ನಮ್ಮ ಹಿರಿಯರು ಸಮಾಜದ ಮಕ್ಕಳಿಗೆ ಇಲ್ಲ ಅನ್ನಲು ಸಂಕೋಚ ಪಡುತ್ತಾರೆ. ಆ ಸಂಕೋಚವನ್ನು ದುಡಿಸಿಕೊಳ್ಳಬಾರದು. ಉತ್ತರ ಬರದೆ ಇದ್ದರೆ ಅದನ್ನು ಒಪ್ಪಿಗೆ ಅಂತ ತಿಳಿಯಬಾರದು. ಒಂದು ವಾರ ಬಿಟ್ಟು ಇನ್ನೊಂದು ಸಲ ಕೇಳಬಹುದು, ಆಮೇಲೆ ಹೆಸರಿಲ್ಲದೆಯೇ ಅರ್ಜಿ ಹಾಕಬೇಕು.

ಅವರು ಸರಿ ಅಂದರೆ ಮ್ಯಾನೇಜರಿಗೆ ಬರೆಯುವುದು ಹೀಗೆ: "ನಮಸ್ಕಾರ ಸರ್. ಟೆಸ್ಟಿಂಗ್ ಕೆಲಸಕ್ಕೆ ಅರ್ಜಿ ಹಾಕಿದ್ದೇನೆ. ನಾನು ಮಾಡಿದ ಪ್ರಾಜೆಕ್ಟ್ ಇದರ ಜೊತೆಗಿದೆ. ಇಂಥವರ ಉಪನ್ಯಾಸವನ್ನು ಕೆಲವು ತಿಂಗಳ ಹಿಂದೆ ಕೇಳಿದ್ದೆ, ಆಗ ಒಮ್ಮೆ ಮಾತಾಡಿದ್ದೇನೆ. ಅವರ ಅನುಮತಿ ಪಡೆದು ಅವರ ಹೆಸರು ಹೇಳುತ್ತಿದ್ದೇನೆ. ನನ್ನ ಕೆಲಸವನ್ನು ಅವರು ನೋಡಿಲ್ಲ." ಕೊನೆಯ ವಾಕ್ಯ ಓದಿ ಹುಡುಗ ಗಾಬರಿಯಾದ. "ಅಣ್ಣಾ, ಇದನ್ನು ಯಾಕೆ ಹೇಳಬೇಕು?" ಅಂದ. ಮ್ಯಾನೇಜರ್ ಕೇಳುವ ಮೊದಲ ಪ್ರಶ್ನೆಯೇ ಅದು, ಅದಕ್ಕೆ. ಎಷ್ಟೋ ಕಂಪನಿಗಳಲ್ಲಿ ಒಳಗಿನವರು ಹೊರಗಿನವರನ್ನು ಸೂಚಿಸುವ ಫಾರಂನಲ್ಲೇ ಕೇಳುತ್ತಾರೆ: ಇವರು ನಿಮಗೆ ಹೇಗೆ ಪರಿಚಯ, ಜೊತೆಯಲ್ಲಿ ಕೆಲಸ ಮಾಡಿದ್ದೀರಾ ಅಂತ. ಪರಿಚಯದ ಅಳತೆಯನ್ನು ತಾನೇ ಮೊದಲು ಹೇಳಿದವನ ಉಳಿದ ಮಾತುಗಳನ್ನೂ ನಂಬಬಹುದು ಅನ್ನಿಸುತ್ತದೆ. ಹೆಸರು ಮೆಸೇಜಿನ ಮೊದಲ ಸಾಲಿನಲ್ಲಿಲ್ಲ ಅನ್ನುವುದನ್ನೂ ಗಮನಿಸಿ. ಮೊದಲು ಕೆಲಸ, ಆಮೇಲೆ ಹೆಸರು.

'ಅವರೇ ಹೇಳಿದ್ದಾರೆ' ಅನ್ನುವ ಮಾತಿನ ಬಗ್ಗೆ ಒಂದು ಎಚ್ಚರಿಕೆ. 'ಅವರ ಹೆಸರು ಹೇಳಬಹುದು ಅಂದರು' ಬೇರೆ, 'ನಿಮ್ಮನ್ನು ಕೇಳು ಅಂದರು' ಬೇರೆ, 'ನನ್ನನ್ನು ಶಿಫಾರಸು ಮಾಡಿದ್ದಾರೆ' ಮತ್ತೂ ಬೇರೆ. ಮೊದಲನೆಯದಕ್ಕೆ ಸಿಕ್ಕ ಒಪ್ಪಿಗೆಯನ್ನು ಮೂರನೆಯದಕ್ಕೆ ಬಳಸಿದರೆ ಅದೂ ಕದ್ದಂತೆಯೇ.

ಇನ್ನು ಸರ್ಕಾರಿ ನೇಮಕಾತಿಯಲ್ಲಿ ಈ ಯಾವುದೂ ನಡೆಯುವುದಿಲ್ಲ. ಅಲ್ಲಿ ನಿಜವಾದ ಪರಿಚಯವನ್ನೂ ಹೇಳಬಾರದು. ಶಿಫಾರಸು ಮಾಡಿಸಿದರೆ ಅನರ್ಹರಾಗುತ್ತೀರಿ ಅಂತ ಅನೇಕ ಅಧಿಸೂಚನೆಗಳಲ್ಲೇ ಅಚ್ಚಾಗಿರುತ್ತದೆ. ಕೆಲಸಕ್ಕೆ ಸೇರಿದ ಮೇಲೂ ಹಾಗೇ. ಕೇಂದ್ರ ನೌಕರರ 1964ರ ನಡತೆ ನಿಯಮಗಳಲ್ಲಿ 20ನೆಯದು, ತನ್ನ ಸೇವೆಯ ವಿಷಯಕ್ಕೆ ಮೇಲಧಿಕಾರಿಗಳ ಮೇಲೆ ರಾಜಕೀಯ ಅಥವಾ ಹೊರಗಿನ ಪ್ರಭಾವ ತರುವುದನ್ನು ನಿಷೇಧಿಸುತ್ತದೆ. ವರ್ಗಾವಣೆಗೆ "ಮಂತ್ರಿಗಳ ಕಡೆಯಿಂದ ಒಂದು ಫೋನ್ ಮಾಡಿಸಿ" ಅಂತ ನಮ್ಮ ಬಳಗದವರೂ ಕೇಳುವುದುಂಟು. ಬೇಸರವಾದರೂ ಹೇಳುತ್ತಿದ್ದೇನೆ, ಮೀಸಲಾತಿ ಮತ್ತು ಮೆರಿಟ್ ಪಟ್ಟಿಯ ಮೇಲೆ ನಿಂತ ವ್ಯವಸ್ಥೆಗೆ ಹೆಸರಿನ ಬಲ ಬಂದರೆ ಅಲ್ಲಿ ಮೊದಲು ಹೊರಗೆ ಬೀಳುವವರು ನಾವೇ.

ಹುಡುಗನ ವಿಷಯ ಮುಗಿಸುತ್ತೇನೆ. ಅವತ್ತೇ ರಾತ್ರಿ ಎರಡು ಮೆಸೇಜು ಕಳಿಸಿದ. ಹಿರಿಯರಿಗೆ: "ಸರ್, ಒಮ್ಮೆ ಮಾತ್ರ ಮಾತಾಡಿದ್ದನ್ನು ಆತ್ಮೀಯರು ಅಂತ ಬರೆದೆ. ನೀವು ಹೇಳದಿದ್ದದ್ದನ್ನು ಹೇಳಿದಿರಿ ಅಂತ ಬರೆದೆ. ಅದು ಸುಳ್ಳು. ಕ್ಷಮಿಸಿ. ಮ್ಯಾನೇಜರಿಗೂ ಇದನ್ನೇ ತಿಳಿಸುತ್ತಿದ್ದೇನೆ." ಮನೆಯ ಕಷ್ಟ, ಸಾಲ, ವಯಸ್ಸು ಯಾವುದನ್ನೂ ಅದರಲ್ಲಿ ಸೇರಿಸಬೇಡ ಅಂತ ನಾನೇ ಹೇಳಿದ್ದೆ. ಕಷ್ಟ ಸೇರಿಸಿದರೆ ಕ್ಷಮೆ ಮತ್ತೆ ಅರ್ಜಿಯಾಗಿಬಿಡುತ್ತದೆ. ಮ್ಯಾನೇಜರಿಗೆ ಎರಡೇ ಸಾಲು: ಬರೆದದ್ದು ಉತ್ಪ್ರೇಕ್ಷೆ, ಅವರಿಗೆ ಇದು ಗೊತ್ತೇ ಇರಲಿಲ್ಲ, ತಪ್ಪು ಪೂರ್ತಿ ನನ್ನದು.

ಮ್ಯಾನೇಜರಿಂದ ಉತ್ತರ ಬರಲಿಲ್ಲ. ಬರುತ್ತದೆ ಅಂತ ನಾವು ಅಂದುಕೊಂಡೂ ಇರಲಿಲ್ಲ. ಹಿರಿಯರು ನಾಲ್ಕು ದಿನ ಬಿಟ್ಟು ಫೋನ್ ಮಾಡಿದರು. ಆ ಕಂಪನಿಗೆ ತಾನು ಇನ್ನು ಮಾತಾಡುವುದಿಲ್ಲ ಅಂತ ಮೊದಲೇ ಹೇಳಿದರು. ಆಮೇಲೆ "ಪ್ರಾಜೆಕ್ಟ್ ಕಳಿಸು, ನೋಡ್ತೀನಿ" ಅಂದರು. ನೋಡಿ ಮೂರು ತಪ್ಪು ತೋರಿಸಿದರು. ಈಗ ಅವನು ಬೇರೆ ಕಡೆ ಅರ್ಜಿ ಹಾಕುತ್ತಿದ್ದಾನೆ. ತನ್ನ ಬಗ್ಗೆ ಏನು ಹೇಳಬಹುದು ಅಂತ ಅವನು ಅವರನ್ನೇ ಕೇಳಿದ. ಅವರು ಕೊಟ್ಟ ವಾಕ್ಯವನ್ನು ಹಾಗೇ ನಕಲು ಮಾಡಿಟ್ಟುಕೊಂಡಿದ್ದಾನೆ: "ಒಂದು ಕಾರ್ಯಕ್ರಮದಲ್ಲಿ ಸಿಕ್ಕಿದ್ದ ಹುಡುಗ. ಅವನ ಒಂದು ಪ್ರಾಜೆಕ್ಟ್ ನೋಡಿದ್ದೇನೆ. ತಪ್ಪು ತೋರಿಸಿದರೆ ತಿದ್ದಿಕೊಳ್ಳುತ್ತಾನೆ."